ಅವರು 🥰 ಕಳಿಸಿದರು, ನಾನು 😘 ಕಳಿಸಿದೆ. ಜಾಸ್ತಿ ಆಯ್ತಾ?

ತುಂಗಾತೀರ

ನನಗೆ 29 ವರ್ಷ. ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಬೆಂಗಳೂರಲ್ಲಿ. ಮನೆಯವರ ಕಡೆಯಿಂದ ಒಂದು ಸಂಬಂಧ ಬಂದಿದೆ. ಜಾತಕ ಕೂಡಿದೆ. ಅವರ ಮನೆಗೆ ಹೋಗಿ ಒಂದು ಸಲ ನೋಡಿಕೊಂಡೂ ಬಂದಿದ್ದೇವೆ. "ಮಕ್ಕಳು ಸ್ವಲ್ಪ ದಿನ ಮಾತಾಡಿಕೊಳ್ಳಲಿ, ಆಮೇಲೆ ಮುಂದಿನ ಮಾತು" ಅಂತ ದೊಡ್ಡವರು ನಂಬರ್ ಕೊಡಿಸಿದರು. ಅದಾಗಿ ಇವತ್ತಿಗೆ 12 ದಿನ.

ದಿನಾ ವಾಟ್ಸಾಪ್‌ನಲ್ಲಿ ಮಾತಾಡುತ್ತೇವೆ. ಇಬ್ಬರೂ "ನೀವು" ಅಂತಲೇ. ಅವರು ಕಳಿಸುವುದು ಹೆಚ್ಚಾಗಿ 😊, ತಮಾಷೆ ಇದ್ದರೆ 😄. ನಾನೂ ಹಾಗೇ.

ಭಾನುವಾರ ಊರಲ್ಲಿದ್ದೆ. ರಾತ್ರಿ 10:50ಕ್ಕೆ ಅಮ್ಮ ಕೆಂಡದ ಮೇಲೆ ಸುಟ್ಟ ಅಕ್ಕಿ ರೊಟ್ಟಿಯ ಫೋಟೋ ಕಳಿಸಿದೆ. ಆಮೇಲೆ ನಡೆದಿದ್ದು ಹೀಗೆ:

ಅವರು: ಅಯ್ಯೋ ಎಷ್ಟು ಚೆನ್ನಾಗಿ ಉಬ್ಬಿದೆ 🥰 ಅಮ್ಮಂಗೆ ಹೇಳಿ
ನಾನು: ನೀವು ಬಂದಾಗ ಬಿಸಿ ಬಿಸಿ ಮಾಡಿಸ್ತೀನಿ 😘

ತಕ್ಷಣ ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಸೋಮವಾರ ಬೆಳಗ್ಗೆ 8:40ಕ್ಕೆ: "ಗುಡ್ ಮಾರ್ನಿಂಗ್. ಇವತ್ತು ಮೀಟಿಂಗ್ ಇದೆ, ಸಂಜೆ ಮಾತಾಡೋಣ." ಎಮೋಜಿ ಇಲ್ಲ. ಸಂಜೆ ಮಾತಾಡಲೂ ಇಲ್ಲ. 12 ದಿನದಲ್ಲಿ ಎಮೋಜಿ ಇಲ್ಲದ ಗುಡ್ ಮಾರ್ನಿಂಗ್ ಇದೇ ಮೊದಲು.

ಅವರೇ ಹೃದಯ ಇರುವ ಮುಖ ಕಳಿಸಿದ್ದರಿಂದ ಧೈರ್ಯ ಬಂದು ಕಳಿಸಿದೆ. ಈಗ ಏನು ಮಾಡಲಿ? ಈ ಹುಡುಗಿ ನನಗೆ ನಿಜವಾಗಿ ಇಷ್ಟವಾಗಿದ್ದಾರೆ.

ಬೆಂಕಿಪೊಟ್ಟಣ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸರ್. 🥰 ಅಂದರೆ ಮುಖದ ಸುತ್ತ ಹೃದಯಗಳು. ಶುರು ಮಾಡಿದ್ದು ಅವರು, ನೀವು ಒಂದು ಮೆಟ್ಟಿಲು ಮೇಲೆ ಹೋದಿರಿ. ಅದು ಸಹಜ.

ಮುಂದೆ ಹೃದಯದ ಬಣ್ಣ ನೋಡಿಕೊಂಡು ಹೋಗಿ. ಹಳದಿ 💛 ಗೆಳೆತನ, ನೀಲಿ 💙 ನಂಬಿಕೆ, ನೇರಳೆ 💜 ಅಭಿಮಾನ, ಕೆಂಪು ❤️ ಪ್ರೀತಿ. ಅವರು ಯಾವ ಬಣ್ಣ ಕಳಿಸುತ್ತಾರೋ ಅಲ್ಲಿದ್ದಾರೆ ಅಂತ ತಿಳಿಯಿರಿ. ಮತ್ತೆ ಎಮೋಜಿ ಜಾಸ್ತಿ ಬಳಸುವವರಿಗೆ ಎರಡನೇ ಭೇಟಿ ಸಿಗುತ್ತೆ ಅಂತ ಸಂಶೋಧನೆಯೇ ಆಗಿದೆ. ಹಾಗಾಗಿ ಈಗ ಎಮೋಜಿ ನಿಲ್ಲಿಸಬೇಡಿ, ಇನ್ನೂ ಕಳಿಸಿ.

ಸಂಜೆಮಲ್ಲಿಗೆ

ತುಂಗಾತೀರ ಅವರೇ, ದಯವಿಟ್ಟು ಈಗಲೇ ಇನ್ನೊಂದು ಕಳಿಸಬೇಡಿ. ನಾನು ದಾವಣಗೆರೆಯಲ್ಲಿ 7 ವರ್ಷ ವಧು-ವರರ ಕೇಂದ್ರವೊಂದರಲ್ಲಿ ಕೆಲಸ ಮಾಡಿದ್ದೇನೆ. ನಂಬರ್ ಕೊಟ್ಟ ಮೇಲೆ ಮಾತು ನಿಂತಾಗ ಎರಡೂ ಕಡೆಯವರು ಫೋನ್ ತಂದು ನನ್ನ ಎದುರಿಗೆ ಇಡುತ್ತಿದ್ದರು. "ಮೇಡಂ, ನೀವೇ ಓದಿ, ನಾನೇನು ತಪ್ಪು ಬರೆದೆ?" ಅಂತ. ನೂರಾರು ಮಾತುಕತೆ ಹಾಗೆ ಓದಿದ್ದೇನೆ. ಅದರಿಂದ ಕಲಿತಿದ್ದನ್ನು ಹೇಳುತ್ತೇನೆ.

ನೀವು 🥰 ಮತ್ತು 😘 ಅನ್ನು ಒಂದೇ ಏಣಿಯ ಪಕ್ಕಪಕ್ಕದ ಮೆಟ್ಟಿಲು ಅಂದುಕೊಂಡಿರಿ. ಅಲ್ಲಿಯೇ ಎಡವಿದ್ದು. 🥰 ಕಳಿಸಿದವರ ಮುಖ ನೋಡಿ. ಕಣ್ಣು ಮುಚ್ಚಿದೆ, ಕೆನ್ನೆ ಕೆಂಪಾಗಿದೆ, ಹೃದಯಗಳು ಅವರ ಸುತ್ತಲೇ ಇವೆ. ಅಂದರೆ "ನನಗೆ ಖುಷಿಯಾಯ್ತು" ಅಂತ ತಮ್ಮ ಬಗ್ಗೆ ಹೇಳಿಕೊಂಡಿದ್ದು. 😘 ಹಾಗಲ್ಲ. ಅದು ಒಂದು ಕಣ್ಣು ಹೊಡೆಯುತ್ತೆ, ಮುತ್ತು ಕೊಡುತ್ತೆ, ಹೃದಯ ಬಾಯಿಂದ ಹೊರಟು ಎದುರಿನವರ ಕಡೆ ಹೋಗುತ್ತೆ. ಎಮೋಜಿಗಳ ಪಟ್ಟಿ ನೋಡಿಕೊಳ್ಳುವ ಯೂನಿಕೋಡ್‌ನವರು 2010ರಲ್ಲಿ ಅದನ್ನು ಸೇರಿಸಿದಾಗ ಇಟ್ಟ ಹೆಸರೇ "ಮುತ್ತು ಎಸೆಯುವ ಮುಖ" ಅಂತ. ಒಂದು ತನ್ನ ಖುಷಿ ಹೇಳುವುದು, ಇನ್ನೊಂದು ಎದುರಿನವರಿಗೆ ಏನೋ ಮಾಡುವುದು. ಹೇಳಿದ್ದಕ್ಕೆ ಉತ್ತರ ಕೊಡದೆ ಇರಬಹುದು. ಮಾಡಿದ್ದಕ್ಕೆ ಏನಾದರೂ ಉತ್ತರ ಕೊಡಲೇಬೇಕು. ಅವರು ವಾಪಸ್ 😘 ಕಳಿಸಿದರೆ ಒಪ್ಪಿದ ಹಾಗೆ, ಕಳಿಸದಿದ್ದರೆ ಮುಖಕ್ಕೆ ಹೊಡೆದ ಹಾಗೆ. ಹುಡುಗಿ ಆ ರಾತ್ರಿ ಸುಮ್ಮನಾದದ್ದು ಈ ಇಕ್ಕಟ್ಟಿನಿಂದ ಅಂತ ನನಗೆ ಅನಿಸುತ್ತೆ.

ಎರಡನೆಯದು, ಎಮೋಜಿ ಯಾವುದಕ್ಕೆ ಅಂಟಿದೆ ಅಂತ ನೋಡಬೇಕು. ಅವರ 🥰 ಅಂಟಿದ್ದು ರೊಟ್ಟಿ ಉಬ್ಬಿದ್ದಕ್ಕೆ. ಅದರ ಹಿಂದೆಯೇ "ಅಮ್ಮಂಗೆ ಹೇಳಿ" ಅಂತ ಇದೆ. ನಿಮಗೆ ಬಂದದ್ದರಲ್ಲಿ ಅರ್ಧ ಪಾಲು ನಿಮ್ಮ ತಾಯಿಯವರದ್ದು. ನಿಮ್ಮ 😘 ಅಂಟಿದ್ದು "ನೀವು ಬಂದಾಗ" ಅನ್ನುವುದಕ್ಕೆ. ನೇರ ಅವರಿಗೇ. ನನ್ನ ಎದುರು ಬಂದ ಜಗಳಗಳಲ್ಲಿ 😍 ವಿಷಯದಲ್ಲೂ ಇದೇ ಇರುತ್ತಿತ್ತು. ಮೈಸೂರು ಪಾಕಿನ ಫೋಟೋಗೆ 😍 ಬಂದರೆ ಯಾರೂ ಎರಡನೇ ಸಲ ಯೋಚನೆ ಮಾಡುವುದಿಲ್ಲ. ಅದೇ 😍 ಹುಡುಗಿಯ ಡಿಪಿ ಬದಲಾದ ಐದು ನಿಮಿಷಕ್ಕೆ, ಒಂದು ಮಾತೂ ಇಲ್ಲದೆ ಬಂದರೆ, "ಇವನು ನನ್ನನ್ನೇ ನೋಡುತ್ತಾ ಕೂತಿದ್ದಾನಾ" ಅನಿಸುತ್ತೆ.

ನಿವೃತ್ತ_ಮೇಷ್ಟ್ರು

ಇದು ನನಗೂ ಆಗಿರುವ ತೊಂದರೆ. ನನ್ನ ಮೊಮ್ಮಗಳು ಕಳಿಸುವ ಕೆಲವು ಚಿತ್ರಗಳು ನನ್ನ ಫೋನಿನಲ್ಲಿ ಬರೀ ಖಾಲಿ ಪೆಟ್ಟಿಗೆಯಾಗಿ ಕಾಣುತ್ತವೆ. ಮುತ್ತಿನ ಚಿತ್ರ ಸರಿಯಾಗಿ ಕಾಣುತ್ತೆ. ಎರಡು ಕೈ ಸೇರಿಸಿ ಹೃದಯ ಮಾಡಿದ ಚಿತ್ರ ಕಾಣುವುದೇ ಇಲ್ಲವಂತೆ. ಆ ಹುಡುಗಿಗೂ ನಿಮ್ಮ ಚಿತ್ರ ಕಾಣದೆ ಹೋಗಿರಬಹುದಲ್ಲವೇ? ಫೋನ್ ಬದಲಾಯಿಸಲು ಹೇಳಿ ನೋಡಿ.

ಕೋಡ್‌ಮನೆ

ಮೇಷ್ಟ್ರೇ, ನಮಸ್ಕಾರ. ನೀವು ಹೇಳುವ ಪೆಟ್ಟಿಗೆ ಬರುವುದು ಹೊಸ ಎಮೋಜಿಗಳಿಗೆ. ಕೈಯಲ್ಲಿ ಹೃದಯ ಮಾಡುವ 🫶 ಯೂನಿಕೋಡ್‌ಗೆ ಬಂದದ್ದು 2021ರಲ್ಲಿ. ತಿಳಿ ಗುಲಾಬಿ ಹೃದಯ 🩷 ಬಂದದ್ದು 2022ರಲ್ಲಿ. ಅದಕ್ಕಿಂತ ಹಳೆಯ ಸಾಫ್ಟ್‌ವೇರ್ ಇರುವ ಫೋನಿಗೆ ಆ ಚಿತ್ರ ಗೊತ್ತಿರುವುದಿಲ್ಲ. 😘 2010ರದ್ದು. ಈಗ ಬಳಕೆಯಲ್ಲಿರುವ ಯಾವ ಫೋನಿನಲ್ಲಾದರೂ ಕಾಣುತ್ತೆ. ಹಾಗಾಗಿ ಅವರಿಗೆ ಕಂಡಿದೆ.

ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ. ಒಂದೇ ಎಮೋಜಿಯನ್ನು ಆಪಲ್, ಗೂಗಲ್, ಸ್ಯಾಮ್ಸಂಗ್ ತಮ್ಮ ತಮ್ಮ ಥರ ಬರೆಯುತ್ತವೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು 2016ರಲ್ಲಿ ಜನರಿಗೆ ಇಂಥ ಚಿತ್ರಗಳನ್ನು ತೋರಿಸಿ ಕೇಳಿದ್ದರು. ಕಂಪನಿ ಬೇರೆಯಾದಾಗ ಅರ್ಥ ಬೇರೆಯಾಗುವುದಷ್ಟೇ ಅಲ್ಲ, ಒಂದೇ ಚಿತ್ರ ನೋಡಿದವರಲ್ಲೂ ಒಬ್ಬರಿಗೆ ಸಂತೋಷ, ಇನ್ನೊಬ್ಬರಿಗೆ ಬೇಸರ ಕಂಡಿತ್ತು. ಆಮೇಲೆ ಕಂಪನಿಗಳು ಚಿತ್ರಗಳನ್ನು ತಕ್ಕಮಟ್ಟಿಗೆ ಒಂದೇ ಥರ ಮಾಡಿಕೊಂಡಿವೆ. ಮುತ್ತಿನ ಮುಖದಲ್ಲಿ ಮಾತ್ರ ಗೊಂದಲಕ್ಕೆ ಜಾಗ ಕಡಿಮೆ.

ಬೆಂಕಿಪೊಟ್ಟಣ ಅವರೇ, ಹೃದಯದ ಬಣ್ಣಕ್ಕೆ ಯೂನಿಕೋಡ್ ಯಾವ ಅರ್ಥವನ್ನೂ ಕೊಟ್ಟಿಲ್ಲ. ಹೆಸರು ಬರೀ "ಹಳದಿ ಹೃದಯ", "ನೀಲಿ ಹೃದಯ". ಆ ಪಟ್ಟಿ ಜನ ಮಾಡಿಕೊಂಡದ್ದು, ಒಂದು ಪಟ್ಟಿಗೂ ಇನ್ನೊಂದಕ್ಕೂ ತಾಳೆ ಆಗುವುದಿಲ್ಲ. ನಮ್ಮಲ್ಲಿ ಹಳದಿ, ಕೆಂಪು ಹೃದಯ ಜೊತೆಗೆ ಬಂದರೆ 💛❤️ ಪ್ರೀತಿಯೂ ಅಲ್ಲ, ಗೆಳೆತನವೂ ಅಲ್ಲ, ಕನ್ನಡ ಬಾವುಟ. ನವೆಂಬರ್ 1ಕ್ಕೆ ನನ್ನ ಆಫೀಸ್ ಗುಂಪಿನಲ್ಲಿ ಎಲ್ಲರೂ ಎಲ್ಲರಿಗೂ ಕಳಿಸುತ್ತಾರೆ.

ಬೆಂಕಿಪೊಟ್ಟಣ

ಬಣ್ಣದ ವಿಷಯ ಒಪ್ಪಿದೆ. ಬಾವುಟದ್ದು ನನಗೂ ಹೊಳೆದಿರಲಿಲ್ಲ. ಆದರೆ ಸಂಶೋಧನೆ ಸುಳ್ಳಲ್ಲ.

ಕೋಡ್‌ಮನೆ

ಸುಳ್ಳಲ್ಲ, ಆದರೆ ನೀವು ಹೇಳಿದಷ್ಟನ್ನು ಅದು ಹೇಳುವುದಿಲ್ಲ. 2019ರಲ್ಲಿ ಪ್ರಕಟವಾದದ್ದು, ಗಂಡು-ಹೆಣ್ಣಿನ ಸಂಬಂಧಗಳನ್ನು ಅಧ್ಯಯನ ಮಾಡುವ ಅಮೆರಿಕದ ಕಿನ್ಸೆ ಇನ್‌ಸ್ಟಿಟ್ಯೂಟ್‌ನ ಸಂಶೋಧಕರದ್ದು. ಒಂಟಿಯಾಗಿರುವ 5 ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಕೇಳಿದ್ದರು. ಎಮೋಜಿ ಹೆಚ್ಚು ಬಳಸುತ್ತೇವೆ ಅಂದವರು ಭೇಟಿಗಳಿಗೂ ಹೆಚ್ಚು ಹೋಗಿದ್ದರು. ಎರಡೂ ಜೊತೆಗೆ ಕಂಡಿವೆ, ಅಷ್ಟೇ. ಎಮೋಜಿಯಿಂದಲೇ ಭೇಟಿ ಆಯಿತು ಅಂತಲ್ಲ. ಮನಸ್ಸು ಬಿಚ್ಚಿ ಮಾತಾಡುವವರು ಎರಡನ್ನೂ ಜಾಸ್ತಿ ಮಾಡಬಹುದು. ಅದೂ ಅಲ್ಲಿಯ ಡೇಟಿಂಗ್ ವಿಷಯ. ಇಲ್ಲಿ ತುಂಗಾತೀರ ಅವರ ಮಾತಿನ ಹಿಂದೆ ಎರಡು ಮನೆಗಳೇ ಕೂತಿವೆ.

ಹಸಿರುಬಳೆ

ಆ ಎರಡು ಮನೆಗಳ ಬಗ್ಗೆ ನಾನು ಹೇಳುತ್ತೇನೆ. ಮೂರು ವರ್ಷದ ಹಿಂದೆ ನನಗೂ ಹೀಗೇ ಒಂದು ಸಂಬಂಧ ಬಂದಿತ್ತು. ನಂಬರ್ ಕೊಟ್ಟು ನಾಲ್ಕನೇ ದಿನ ರಾತ್ರಿ 11:30ಕ್ಕೆ "ಗುಡ್ ನೈಟ್ 😘" ಅಂತ ಬಂತು. ನನಗೆ ಅವರು ಇಷ್ಟವಾಗಿರಲಿಲ್ಲ ಅಂತ ಅಲ್ಲ. ಆದರೆ ಆಗ ನನ್ನ ಫೋನ್ ಅಕ್ಕನ ಕೈಯಲ್ಲಿತ್ತು. ಮದುವೆ ಮಾತು ನಡೆಯುವಾಗ ಹುಡುಗಿಯ ಫೋನ್ ಅವಳೊಬ್ಬಳದ್ದೇ ಆಗಿರುವುದಿಲ್ಲ. ಅಕ್ಕ ಓದುತ್ತಾಳೆ, ಅತ್ತಿಗೆ "ಏನಂತೆ, ತೋರಿಸು" ಅನ್ನುತ್ತಾಳೆ. ಅಕ್ಕ ಒಂದು ಮಾತೂ ಆಡದೆ ಫೋನನ್ನು ಮಂಚದ ಮೇಲೆ ಬೋರಲು ಹಾಕಿದಳು. ಆ ಸದ್ದು ನನಗೆ ಇನ್ನೂ ನೆನಪಿದೆ.

ಬೇಡ ಅಂತ ಬರೆಯೋಣ ಅಂದರೆ "ಹುಡುಗಿಗೆ ಜೋರು" ಅಂತ ಅವರ ಮನೆಗೆ ಹೋಗುತ್ತೆ. ಸುಮ್ಮನಿದ್ದರೆ ಮರುದಿನ ಇನ್ನೊಂದು ಬರುತ್ತೆ. ಹಾಗಾಗಿ ನಾನು ಮಾಡಿದ್ದು ನಿಮ್ಮ ಹುಡುಗಿ ಮಾಡಿದ್ದನ್ನೇ. ಎಮೋಜಿ ನಿಲ್ಲಿಸಿದೆ. ಉತ್ತರ ಚಿಕ್ಕದು ಮಾಡಿದೆ. "ಅಮ್ಮ ಕರೀತಿದಾರೆ" ಅಂತ ಮಾತು ಮುಗಿಸುತ್ತಿದ್ದೆ. ಅವರಿಗೆ ಅರ್ಥವಾಗಲಿಲ್ಲ. ಮರುದಿನ 😘😘 ಎರಡು ಬಂದವು. ಕೋಪ ಬಂದಿದೆಯೆಂದು ಸಮಾಧಾನ ಮಾಡಲು ಕಳಿಸಿದ್ದಿರಬಹುದು, ಈಗ ಹಾಗೆ ಅನ್ಸುತ್ತೆ. ಅಷ್ಟೊತ್ತಿಗೆ ನಾನು ಅಪ್ಪನಿಗೆ ಬೇಡ ಅಂದಾಗಿತ್ತು.

ತುಂಗಾತೀರ ಅವರು ಎರಡನೆಯದು ಕಳಿಸಿಲ್ಲ. ಅದು ದೊಡ್ಡ ವ್ಯತ್ಯಾಸ.

ತುಂಗಾತೀರ

ಫೋನ್ ಬೇರೆಯವರೂ ನೋಡುತ್ತಾರೆ ಅಂತ ನನಗೆ ತಲೆಗೇ ಹೋಗಿರಲಿಲ್ಲ. ಅವರಿಗೂ ಅಕ್ಕ ಇದ್ದಾರೆ. ಅದೇ ಮನೆಯಲ್ಲಿ, ಬಾಣಂತನಕ್ಕೆ ಬಂದಿದ್ದಾರೆ.

ಈಗ ಆ ಮೆಸೇಜ್ ಅಳಿಸಿಬಿಡಲಾ? ಇನ್ನೂ ಎರಡು ದಿನ ಆಗಿಲ್ಲ, ಅಳಿಸಲು ಬರುತ್ತೆ ಅಂತ ಕಾಣುತ್ತೆ.

ಕೋಡ್‌ಮನೆ

ಬೇಡ. ಎಲ್ಲರಿಗೂ ಅಳಿಸು ಅಂತ ಒತ್ತಿದರೆ ಅದರ ಜಾಗದಲ್ಲಿ ಮೆಸೇಜ್ ಅಳಿಸಲಾಗಿದೆ ಅಂತ ಗುರುತು ಉಳಿಯುತ್ತೆ. ಅವರು ಓದಿಯೂ ಆಗಿದೆ. ಈಗ ಅಳಿಸಿದರೆ ಮುಚ್ಚಿಡುತ್ತಿದ್ದೀರಿ ಅನಿಸುತ್ತೆ. ತಿದ್ದಲು ಇರುವುದು 15 ನಿಮಿಷ, ಅದು ಮುಗಿದಿದೆ. ತಿದ್ದಿದರೂ ತಿದ್ದಿದ ಗುರುತು ಬರುತ್ತೆ.

ಗುರುತು ಬಿಡದೆ ಹಿಂದಕ್ಕೆ ತೆಗೆದುಕೊಳ್ಳಲು ಆಗುವುದು ರಿಯಾಕ್ಷನ್ ಒಂದನ್ನೇ. ಮೆಸೇಜ್ ಒತ್ತಿ ಹಿಡಿದು ಹಾಕುವ ಪುಟ್ಟ ಎಮೋಜಿ. ಅದನ್ನು ತೆಗೆದರೆ ಮಾತುಕತೆಯಲ್ಲಿ ಏನೂ ಉಳಿಯುವುದಿಲ್ಲ. ಅಷ್ಟರಲ್ಲಿ ನೋಟಿಫಿಕೇಶನ್ ನೋಡಿದ್ದರೆ ಬೇರೆ ಮಾತು.

ಇನ್ನೊಂದು ಕೇಳುತ್ತೇನೆ. ಬೆರಳು ತಪ್ಪಿ ಹೋಗಿದ್ದಾ? ಕೀಬೋರ್ಡಿನಲ್ಲಿ 🥰 😍 🤩 😘 ಸಾಲಾಗಿ ಕೂತಿರುತ್ತವೆ. 🥰 ಒತ್ತಲು ಹೋಗಿ 😘 ಆಗುವುದು ಅಪರೂಪವಲ್ಲ.

ತುಂಗಾತೀರ

ಇಲ್ಲ. ಗೊತ್ತಿದ್ದೇ ಕಳಿಸಿದೆ.

ಬೆಂಕಿಪೊಟ್ಟಣ

ಬೆರಳು ತಪ್ಪಿತು ಅಂತಲೇ ಹೇಳಿಬಿಡಿ ಸರ್. ಇಬ್ಬರಿಗೂ ಮರ್ಯಾದೆ ಉಳಿಯುತ್ತೆ.

ಸಂಜೆಮಲ್ಲಿಗೆ

ಬೇಡ ತಮ್ಮಾ. ಆ ಮಾತನ್ನು ನನ್ನ ಎದುರಿಗೆ ಎಷ್ಟೋ ಜನ ಹೇಳಿದ್ದಾರೆ. ಹುಡುಗಿಯರು ನಂಬಿದ್ದನ್ನು ನಾನು ನೋಡಿಲ್ಲ. ನಂಬದೆ ಇದ್ದರೆ ಮುತ್ತಿನ ಜೊತೆಗೆ ಒಂದು ಸುಳ್ಳೂ ಸೇರುತ್ತೆ. ನಂಬಿದರೆ ಇನ್ನೂ ಕಷ್ಟ. ನಾಳೆ ನಿಜವಾಗಿ ಪ್ರೀತಿಯಿಂದ ಕಳಿಸಿದಾಗ "ಇದೂ ಬೆರಳು ತಪ್ಪಿದ್ದಾ" ಅನಿಸುತ್ತೆ.

ರಿಯಾಕ್ಷನ್ ವಿಷಯ ಬಂದದ್ದು ಒಳ್ಳೆಯದಾಯಿತು. ವಾಟ್ಸಾಪ್‌ನಲ್ಲಿ ಅದು 2022ರಲ್ಲಿ ಬಂದಾಗ ಆರೇ ಆರು ಇದ್ದವು: 👍 ❤️ 😂 😮 😢 🙏. ಆಮೇಲೆ ಯಾವುದನ್ನು ಬೇಕಾದರೂ ಹಾಕಲು ಬಂತು. ಆದರೂ ಕೈ ಮೊದಲು ಹೋಗುವುದು ಈ ಆರಕ್ಕೆ. ಅದರಲ್ಲಿ ಹಿತವಾದದ್ದು ಅಂತ ಇರುವುದು ❤️ ಒಂದೇ. "ಅಜ್ಜಿಗೆ ಜ್ವರ ಬಿಟ್ಟಿದೆ" ಅಂತ ಬಂದರೆ 👍 ಹಾಕಲು ಮನಸ್ಸು ಬರುವುದಿಲ್ಲ, 🙏 ದೊಡ್ಡವರದ್ದು, ಹಾಗಾಗಿ ❤️ ಬೀಳುತ್ತೆ. ಅದನ್ನು ಪ್ರೀತಿ ಅಂತ ಓದಿಕೊಂಡು ಕೆಟ್ಟವರನ್ನು ನೋಡಿದ್ದೇನೆ. ಅದೇ ❤️ ಅನ್ನು ಒಂಟಿಯಾಗಿ ಮೆಸೇಜ್ ಮಾಡಿ ಕಳಿಸಿದರೆ ಪರದೆ ಮೇಲೆ ದೊಡ್ಡದಾಗಿ ಬಂದು ಎದೆ ಬಡಿದ ಹಾಗೆ ಮಿಡಿಯುತ್ತೆ. ವಾಕ್ಯದ ಕೊನೆಗೆ ಹಾಕಿದರೆ ಅಕ್ಷರದಷ್ಟೇ ಚಿಕ್ಕದು, ಮಿಡಿಯುವುದೂ ಇಲ್ಲ. ಚಿತ್ರ ಒಂದೇ, ತೂಕ ಮೂರು ಥರ.

ಹುಬ್ಬಳ್ಳಿ_ಮಂದಿ

ಎಲ್ಲರೂ ಎಮೋಜಿನೇ ನೋಡಾಕತ್ತೀರಿ. ನಾನು ನೋಡಿದ್ದು "ನೀವು" ಅನ್ನೋದನ್ನ. ಬಾಯಾಗ ನೀವು, ಎಮೋಜಿಯೊಳಗ ಮುತ್ತು. ಎರಡೂ ಕೂಡೂದಿಲ್ರೀ. "ನೀವು ಬಂದಾಗ ಮಾಡಿಸ್ತೀನಿ" ಅಂತ ಮರ್ಯಾದಿಲೆ ಬಾಗಲ ತಗದು, ಒಳಗ ಬರೂದ್ರಾಗ ಕೈ ಹಿಡದಂಗ ಆತು. ನನ್ನ ಲೆಕ್ಕ ಇಷ್ಟ. ಆಕಿ ತಾನಾಗೇ "ನೀನು" ಅನ್ನೂತನಾ ಮುತ್ತು ಕಳಸಬಾರದು.

ಸಂಜೆಮಲ್ಲಿಗೆ

ನೀವು ಹೇಳಿದ್ದು ನನಗೆ ತುಂಬಾ ಹಿಡಿಸಿತು. ಮಾತಿನಲ್ಲಿ ಇರುವ ದೂರಕ್ಕೂ ಎಮೋಜಿಯ ಹತ್ತಿರಕ್ಕೂ ಹೊಂದಿಕೆ ಇಲ್ಲದಿದ್ದರೆ ಓದುವವರಿಗೆ ಮುಜುಗರ ಆಗುತ್ತೆ. ನಮ್ಮ ಕೇಂದ್ರದಲ್ಲಿ ಮದುವೆಯವರೆಗೆ ಹೋದ ಜೋಡಿಗಳ ಮಾತುಕತೆಯಲ್ಲಿ ಮಾತು ಮೊದಲು ಸಡಿಲವಾಗುತ್ತಿತ್ತು. "ಊಟ ಆಯ್ತಾ" ಇದ್ದದ್ದು "ಏನು ಊಟ, ಫೋಟೋ ಎಲ್ಲಿ" ಆಗುತ್ತಿತ್ತು. ಹೆಸರಿನ ಹಿಂದಿನ "ಅವರೇ" ಬಿದ್ದುಹೋಗುತ್ತಿತ್ತು. ಹೃದಯ, ಮುತ್ತು ಅದರ ಹಿಂದೆ ಬರುತ್ತಿದ್ದವು.

ರಾತ್ರಿಪಾಳಿ

ಒಂದು ನಿಮಿಷ. ನನ್ನ ಹೆಂಡತಿ ಮದುವೆಯಾಗಿ 11 ವರ್ಷದಿಂದ ನನಗೆ "ನೀವು", "ರೀ" ಅಂತಲೇ ಅನ್ನುತ್ತಾಳೆ. 😘 ಮಾತ್ರ ದಿನಾ ಬರುತ್ತೆ. "ನೀನು" ಬರುವವರೆಗೆ ಕಾದಿದ್ದರೆ ನನಗೆ ಒಂದೂ ಸಿಗುತ್ತಿರಲಿಲ್ಲ. ನಮ್ಮ ಮಂಡ್ಯದ ಕಡೆ ಗೆಳೆಯರಲ್ಲಿ ಮೊದಲ ದಿನವೇ "ನೀನು" ಬರುತ್ತೆ, ಅದರಿಂದ ಮುತ್ತಿಗೆ ದಾರಿಯಾಯಿತು ಅಂತಲೂ ಅಲ್ಲ. ಇದು ಎಲ್ಲ ಕಡೆ ನಡೆಯುವ ಲೆಕ್ಕ ಅಲ್ಲ.

ಹುಬ್ಬಳ್ಳಿ_ಮಂದಿ

ಲಗ್ನ ಆದ ಮ್ಯಾಲಿನ ಮಾತು ಬ್ಯಾರೆ ಬಿಡ್ರಿ. ನಾ ಹೇಳಿದ್ದು ಹನ್ನೆರಡನೇ ದಿನದ್ದು.

ಹಸಿರುಬಳೆ

ಹೆಂಗಸರ ಕಡೆಯಿಂದ ನೋಡಿದರೆ "ನೀನು" ಅನ್ನುವುದು ಇನ್ನೂ ಕಷ್ಟ. ಎಷ್ಟೋ ಮನೆಯಲ್ಲಿ ಹುಡುಗಿ ಯಾವತ್ತೂ "ನೀನು" ಅನ್ನುವುದಿಲ್ಲ. ಅದಕ್ಕೆ ನಾನು ಬೇರೆ ಗುರುತು ನೋಡುತ್ತೇನೆ. ನಮ್ಮ ಕಡೆಯಿಂದ ಮಾತು ತಾನಾಗೇ ಶುರುವಾಗುತ್ತಾ? ನೀವು ಕೇಳದೆ ಅವರು ಏನಾದರೂ ಹೇಳುತ್ತಾರಾ? ಬಸ್ ತಪ್ಪಿದ್ದು, ಬಾಸ್ ಬೈದದ್ದು, ಇಂಥವು? ಅದು ಇದ್ದರೆ 😊 ಒಂದೇ ಇದ್ದರೂ ಒಳಗೆ ಬೆಚ್ಚಗಿದೆ ಅಂತ ಅರ್ಥ. ಅದು ಇಲ್ಲದೆ ಬರೀ 🥰 ಬಂದರೆ ಸುಮ್ನೆ ಅಭ್ಯಾಸ ಇರಬಹುದು. ನನ್ನ ತಂಗಿ ಅಂಗಡಿಯವನಿಗೂ 🥰 ಕಳಿಸುತ್ತಾಳೆ.

ತುಂಗಾತೀರ

ಇದನ್ನು ಓದಿ ಹಿಂದಿನ 12 ದಿನದ್ದನ್ನೆಲ್ಲ ಮತ್ತೆ ನೋಡಿದೆ. ತಾವಾಗೇ ಶುರು ಮಾಡಿದ್ದು ಐದು ಸಲ. ಒಂದು ಸಲ ಮಳೆಯಲ್ಲಿ ಆಟೋ ಸಿಗದೆ ನಿಂತಿದ್ದೇನೆ ಅಂತ, ಇನ್ನೊಂದು ಸಲ ಅಕ್ಕನ ಮಗುವಿಗೆ ಹೆಸರು ಏನಿಡಬಹುದು ಅಂತ. 🥰 ಅದಕ್ಕೂ ಮೊದಲು ಒಂದು ಸಲ ಬಂದಿತ್ತು, ಆ ಮಗುವಿನ ಫೋಟೋ ಜೊತೆಗೆ. ನನಗಾಗಿ ಬಂದದ್ದು ಒಂದೂ ಇಲ್ಲ. ಆದರೆ ಆಟೋ ಸಿಗದಾಗ ನನಗೆ ಹೇಳಿದ್ದಾರೆ.

ಹಾಗಾದರೆ ಏನು ಬರೆಯಲಿ?

ಸಂಜೆಮಲ್ಲಿಗೆ

ಎರಡು ಸಾಲು ಸಾಕು. ಏನಾಯಿತು ಅಂತ ಹೆಸರು ಹೇಳಿ, ಕಾರಣ ಕೊಡಬೇಡಿ. "ನೀವು 🥰 ಕಳಿಸಿದ್ದಕ್ಕೆ" ಅಂತ ಅವರ ಮೇಲೆ ಹಾಕಲೇಬೇಡಿ. ಉತ್ತರ ಬರಲೇಬೇಕು ಅನ್ನುವ ಹಾಗೆ ಪ್ರಶ್ನೆ ಹಾಕಿ ಮುಗಿಸಬೇಡಿ. ಎಮೋಜಿ ಬೇಡ. ಮುಖ್ಯವಾಗಿ 🥺 ಬೇಡ. ಅದು ಕಣ್ಣಲ್ಲಿ ನೀರು ತುಂಬಿ ನಿಲ್ಲುತ್ತೆ, ಆಗ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತೆ. ಹಗಲು ಹೊತ್ತು ಕಳಿಸಿ.

ರಾತ್ರಿಪಾಳಿ

ನನಗೆ ಇದು ಒಪ್ಪಿಗೆ ಇಲ್ಲ ಮೇಡಂ. ಹೀಗೆ ಎತ್ತಿ ಹೇಳಿದರೆ ಚಿಕ್ಕದು ದೊಡ್ಡದಾಗುತ್ತೆ. ಅವರಿಗೆ ಏನೂ ಅನಿಸಿರದೆ ಇದ್ದರೆ? ನಿಜವಾಗಿ ಮೀಟಿಂಗೇ ಇದ್ದರೆ? ಮಾತು ಮೊದಲಿನ ಹಾಗೆ ಮುಂದುವರಿಸಿ, 😊ಗೆ ಇಳಿಯಿರಿ. ಅವರಿಗೆ ತಾನಾಗೇ ಗೊತ್ತಾಗುತ್ತೆ.

ಹಸಿರುಬಳೆ

ನನಗೆ ಗೊತ್ತಾಗುತ್ತಿರಲಿಲ್ಲ ಸರ್. "ಇವರು ಮತ್ತೆ ಯಾವಾಗ ಕಳಿಸುತ್ತಾರೋ" ಅಂತ ಪ್ರತಿ ಮೆಸೇಜ್ ತೆರೆಯುವಾಗಲೂ ಅಂಜಿಕೆ ಇರುತ್ತಿತ್ತು. ಹೇಳಿದರೆ ಆ ಅಂಜಿಕೆ ಹೋಗುತ್ತೆ.

ತುಂಗಾತೀರ

ಮಧ್ಯಾಹ್ನ 1:15ಕ್ಕೆ ಕಳಿಸಿದೆ. ಇಷ್ಟೇ ಬರೆದೆ:

"ಭಾನುವಾರ ರಾತ್ರಿ ಕೊನೆಗೆ ಹಾಕಿದ ಎಮೋಜಿ ಜಾಸ್ತಿ ಆಯ್ತು ಅಂತ ಆಮೇಲೆ ಅನಿಸಿತು. ನಿಮಗೆ ಇರಿಸುಮುರಿಸು ಆಗಿದ್ರೆ ಕ್ಷಮಿಸಿ, ಇನ್ನು ಹಾಗೆ ಕಳಿಸಲ್ಲ. ನಿಮ್ಮ ಮೀಟಿಂಗ್ ಎಲ್ಲ ಆರಾಮಾಗಿ ಆಗಲಿ."

ನೀಲಿ ಟಿಕ್ 1:40ಕ್ಕೆ ಬಂತು. ಉತ್ತರ ಇನ್ನೂ ಇಲ್ಲ.

ನಿವೃತ್ತ_ಮೇಷ್ಟ್ರು

ಈಗ ವಿಷಯ ತಿಳಿಯಿತು. ನಾನು ಫೋನಿನ ತೊಂದರೆ ಅಂದುಕೊಂಡಿದ್ದೆ. ನಮ್ಮ ಕಾಲದಲ್ಲಿ ನಿಶ್ಚಿತಾರ್ಥ ಆದ ಮೇಲೆ ನಾನು ಬರೆದ ಮೊದಲ ಕಾಗದವನ್ನು ಮಾವನವರೇ ಒಡೆದು ಓದಿದ್ದರು. ಹಾಗಾಗಿ "ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಅಷ್ಟೇ ಇತ್ತು. ಎರಡನೇ ಕಾಗದದ ಒಳಗೆ ಒಂದು ಸಂಪಿಗೆ ಎಸಳು ಇಟ್ಟಿದ್ದೆ. ಅದನ್ನು ಯಾರಾದರೂ ನೋಡಿದರೂ ಏನೂ ಹೇಳುವ ಹಾಗಿರಲಿಲ್ಲ. ನಿಮ್ಮ ಈ ಎರಡು ಸಾಲು ಚೆನ್ನಾಗಿದೆ. ಕಾಯಿರಿ.

ಸಂಜೆಮಲ್ಲಿಗೆ

ಮೇಷ್ಟ್ರೇ, ಆ ಸಂಪಿಗೆ ಎಸಳಿನ ಜಾಗದಲ್ಲಿ ಈಗ 😊 ಇದೆ, 🌼 ಇದೆ. ಅತ್ತಿಗೆ ನೋಡಿದರೂ ನಡೆಯುತ್ತೆ, ಹುಡುಗಿಗೆ ಮಾತ್ರ ಒಂದು ತೂಕ ಜಾಸ್ತಿ. ಮೊದಲ ವಾರಗಳಿಗೆ ನಾನು ಹೇಳುತ್ತಿದ್ದದ್ದು ಇಂಥವನ್ನೇ. 🌹 ಮಾತ್ರ ಬೇಡ ಅನ್ನುತ್ತಿದ್ದೆ. ಒಂದೋ ದೊಡ್ಡಪ್ಪನ ಗುಡ್ ಮಾರ್ನಿಂಗ್ ಚಿತ್ರ ನೆನಪಾಗುತ್ತೆ, ಇಲ್ಲಾ ಪ್ರೇಮ ನಿವೇದನೆ ಅನಿಸುತ್ತೆ.

ಬೆಂಕಿಪೊಟ್ಟಣ

😉 ಹೇಗೆ? ಅದು ಬರೀ ತಮಾಷೆ ಅಲ್ವಾ?

ಹಸಿರುಬಳೆ

ಹಗಲಲ್ಲಿ ಉಪ್ಪಿಟ್ಟಿನ ಬಗ್ಗೆ ಜಗಳವಾಡುವಾಗ ತಮಾಷೆ. ರಾತ್ರಿ 11ರ ಮೇಲೆ "ಇನ್ನೂ ಮಲಗಿಲ್ವಾ 😉" ಅಂದರೆ ತಮಾಷೆ ಅಲ್ಲ.

ತುಂಗಾತೀರ

ಸಂಜೆ 7ಕ್ಕೆ ಉತ್ತರ ಬಂತು. ಹಾಗೇ ಹಾಕುತ್ತಿದ್ದೇನೆ.

"ಪರವಾಗಿಲ್ಲ. ಅವತ್ತು ಏನು ಬರೀಬೇಕು ಅಂತ ಗೊತ್ತಾಗ್ಲಿಲ್ಲ ನಂಗೆ, ಅಕ್ಕ ಪಕ್ಕದಲ್ಲೇ ಇದ್ಲು. ಹೇಳಿದ್ದು ಒಳ್ಳೇದಾಯ್ತು. ಸ್ವಲ್ಪ ನಿಧಾನವಾಗಿ ಹೋಗೋಣ ಅಂತ ನಂಗೆ."

ಎಮೋಜಿ ಇಲ್ಲ. ನಾನು "ಖಂಡಿತ" ಅಂತ ಒಂದೇ ಪದ ಬರೆದೆ.

ರಾತ್ರಿಪಾಳಿ

ಹೇಳಿದ್ದೇ ಸರಿಯಾಯಿತು. ನನ್ನ ಮಾತು ಇಲ್ಲಿಗೆ ಹೊಂದಲಿಲ್ಲ.

ಕೋಡ್‌ಮನೆ

"ನಿಧಾನವಾಗಿ ಹೋಗೋಣ" ಅನ್ನುವುದರಲ್ಲಿ "ಹೋಗೋಣ" ಅಂತ ಇದೆ. ಬೇಡ ಅನ್ನುವವರು ಹಾಗೆ ಬರೆಯುವುದಿಲ್ಲ ಅಂತ ನನಗೆ ಕಾಣುತ್ತೆ.

ಹಸಿರುಬಳೆ

ನಾನು ಅಷ್ಟು ಬೇಗ ಓದುವುದಿಲ್ಲ. ಅದು ಮರ್ಯಾದೆಗೆ ಬರೆದ ಮಾತೂ ಇರಬಹುದು. ಇನ್ನೊಂದು ವಾರ ಅವರಾಗಿ ಮಾತು ಶುರು ಮಾಡುತ್ತಾರಾ ಅಂತ ನೋಡಿ. ಶುರು ಮಾಡದಿದ್ದರೆ ನೀವು ಒಮ್ಮೆ ನೇರವಾಗಿ ಕೇಳುವುದು ಒಳ್ಳೆಯದು, ಬರೆದಲ್ಲ, ಫೋನ್ ಮಾಡಿ.

ಸಂಜೆಮಲ್ಲಿಗೆ

ಅವರು ಮತ್ತೆ 😊 ಹಾಕಿದಾಗ ಅದಕ್ಕೆ 😊 ಒಂದೇ ಹಾಕಿ. ಅದಕ್ಕಿಂತ ಒಂದು ಕೂಡ ಜಾಸ್ತಿ ಬೇಡ, ಸ್ವಲ್ಪ ದಿನ.

ತುಂಗಾತೀರ

ಮೂರನೇ ದಿನ. ಈಗ 9:20ಕ್ಕೆ ತಾವಾಗೇ ಮೆಸೇಜ್ ಮಾಡಿದ್ದಾರೆ. "ಅಮ್ಮನ ಹತ್ರ ಕೇಳಿ ಹೇಳಿ, ಅಕ್ಕಿ ಹಿಟ್ಟು ಉಕ್ಕರಿಸೋವಾಗ ಒಂದು ಲೋಟಕ್ಕೆ ಎಷ್ಟು ನೀರು? ಇಲ್ಲಿ ಮಾಡಿದ್ದು ಉಬ್ತಾನೇ ಇಲ್ಲ." ಜೊತೆಗೆ ಫೋಟೋ, ಅಂಚು ಸೀದ ಒಂದು ರೊಟ್ಟಿ. ಎಮೋಜಿ ಇಲ್ಲ.

ಅಮ್ಮನಿಗೆ ಫೋನ್ ಮಾಡುತ್ತಿದ್ದೇನೆ.